ಮರಿ ರಣಹದ್ದಿನ ಫೋಟೊ: ಕೊಕ್ಕಿನ ಏಣು ನೋಡಿದಿರಾ?

ಮಲ್ಪೆ, ಕಾಪು ಕಡೆ ತೆಗೆದ ಫೋಟೊ ತೋರಿಸಿ ‘ಇದು ಬಿಳಿ ರಣಹದ್ದು ಅಲ್ವಾ?’ ಎಂದು ಕೇಳುವವರಿದ್ದಾರೆ. ಆ ಹಕ್ಕಿ ಸಾಮಾನ್ಯವಾಗಿ ಬಿಳಿಹೊಟ್ಟೆಯ ಕಡಲ ಹದ್ದು. ಸಂಶಯ ಬರುವುದು ಸಹಜವೇ. ಕೆಳಗಿನಿಂದ ನೋಡಿದರೆ ಎರಡೂ ಬಿಳಿ, ಎರಡರ ರೆಕ್ಕೆಯ ಹಿಂಭಾಗವೂ ಕಪ್ಪು, ಎರಡರ ಬಾಲವೂ ಬೆಣೆಯ ಹಾಗೆ. ಹಾಗಾಗಿ ಬಾಲದ ಆಕಾರದ ಜೊತೆ ಅದರ ಬಣ್ಣವನ್ನೂ ನೋಡಬೇಕು. ಕಡಲ ಹದ್ದಿನ ಬಾಲದ ಬುಡ ಕಪ್ಪು, ತುದಿ ಬಿಳಿ. ಬೆಳೆದ ಬಿಳಿ ರಣಹದ್ದಿನ ಬಾಲ ಪೂರ್ತಿ ಬಿಳಿ. ಮುಖ ಕಂಡರಂತೂ ಸಂಶಯವೇ ಉಳಿಯುವುದಿಲ್ಲ. ಕಡಲ ಹದ್ದಿನ ಮುಖದ ತುಂಬ ಬಿಳಿ ಗರಿ, ಕೊಕ್ಕು ದಪ್ಪ. ಬಿಳಿ ರಣಹದ್ದಿನ ಮುಖ ಬೋಳು, ಹಳದಿ ಚರ್ಮ. ಕೊಕ್ಕು ಸಪೂರ.

ನಿಜವಾದ ಕಷ್ಟ ಇರುವುದು ಜಿಪ್ಸ್ ಎಂಬ ಗುಂಪಿನ ರಣಹದ್ದುಗಳಲ್ಲಿ. ಇವುಗಳ ಬಾಲ ಮೋಟು, ಅಂಚು ಸ್ವಲ್ಪ ದುಂಡಗೆ. ನಮ್ಮ ಮೀನು ಬಂದರಿನ ಮೇಲೆ ಸುತ್ತುವ ಕಂದು ಹದ್ದಿನ ಬಾಲದ ಹಾಗೆ ಕವಲು ಇರುವುದಿಲ್ಲ. ಆದರೆ ಬಾಲ ನಮ್ಮನ್ನು ಗುಂಪಿನವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ. ಗುಂಪಿನೊಳಗೆ ಯಾವ ಜಾತಿ ಎಂದು ಹೇಳಲು ತಲೆ, ಕತ್ತು, ಕೊಕ್ಕು ಬೇಕು.

ಕರ್ನಾಟಕದಲ್ಲಿ ಈ ಗುಂಪಿನಿಂದ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ. ಬಿಳಿಬೆನ್ನಿನ ರಣಹದ್ದು ಬೆಳೆದಾಗ ಹೆಚ್ಚುಕಡಿಮೆ ಕಪ್ಪು. ಕೆಳಬೆನ್ನಿನಲ್ಲಿ ಬಿಳಿ ಮಚ್ಚೆ, ರೆಕ್ಕೆಯಡಿಯ ಮುಂಭಾಗವೂ ಬಿಳಿ. ಕೊಕ್ಕು ಗಿಡ್ಡ, ದಪ್ಪ. ಉದ್ದಕೊಕ್ಕಿನ ರಣಹದ್ದಿನ ಮೈ ತಿಳಿ ಕಂದು. ಕಪ್ಪು ತಲೆಯ ಮೇಲೆ ಅಲ್ಲಲ್ಲಿ ಬಿಳಿ ತುಪ್ಪಳ, ಕೊಕ್ಕು ಉದ್ದ, ತಿಳಿ ಹಳದಿ. ಬೆಳೆದ ಹಕ್ಕಿಗಳಾದರೆ ಮಂಜಾದ ಫೋಟೊದಲ್ಲೂ ಗುರುತಿಸಬಹುದು. ಎಡವುವುದು ಮರಿಗಳಲ್ಲಿ.

ಉಡುಪಿಯ ಗೆಳೆಯರೊಬ್ಬರು ಬಂಡೀಪುರದಿಂದ ತಂದ ಫೋಟೊ ನೋಡೋಣ. ಒಣಮರದ ಮೇಲೆ ಕಂದು ಬಣ್ಣದ ರಣಹದ್ದು. ಬೆನ್ನಿನಲ್ಲಿ ಬಿಳಿ ಇಲ್ಲ. ತಲೆ, ಕತ್ತಿನ ಮೇಲೆ ಬೆಳ್ಳನೆಯ ತುಪ್ಪಳ. ‘ಕಂದು ಇದೆ, ಬಿಳಿಬೆನ್ನು ಇಲ್ಲ, ಹಾಗಾದರೆ ಉದ್ದಕೊಕ್ಕಿನದೇ’ ಎಂದು ಅವರು ಬರೆದಿಟ್ಟಿದ್ದರು. ಆದರೆ ಬಿಳಿಬೆನ್ನಿನ ಜಾತಿಯ ಮರಿಗೂ ಬಿಳಿ ಬೆನ್ನು ಇರುವುದಿಲ್ಲ. ಅದು ಬರುವುದು ಬೆಳೆದ ಮೇಲೆ. ಮರಿಯ ಮೈಯೂ ಕಂದೇ. ತಲೆಯ ತುಪ್ಪಳವೂ ಸಹಾಯ ಮಾಡುವುದಿಲ್ಲ, ಎರಡೂ ಜಾತಿಯ ಮರಿಗಳಿಗೆ ಅದು ಇದೆ.

ಫೋಟೊವನ್ನು ದೊಡ್ಡದು ಮಾಡಿ ಕೊಕ್ಕನ್ನು ನೋಡಿದೆವು. ಉದ್ದಕೊಕ್ಕಿನ ಮರಿಯದ್ದೂ ಕಪ್ಪು ಕೊಕ್ಕೇ. ಆದರೆ ಮೇಲಿನ ಏಣಿನ ಉದ್ದಕ್ಕೂ ತಿಳಿ ಬಣ್ಣದ ಗೆರೆ ಇರುತ್ತದೆ. ಈ ಹಕ್ಕಿಗೆ ಗೆರೆ ಇರಲಿಲ್ಲ, ಬುಡದಿಂದ ತುದಿಯವರೆಗೆ ಒಂದೇ ಕಪ್ಪು. ಕೊಕ್ಕಿನ ಆಕಾರವೂ ಗಿಡ್ಡ, ಬುಡದಲ್ಲಿ ಎತ್ತರ. ಮೈಬಣ್ಣ ಗಾಢ ಕಂದು, ಎದೆ ಹೊಟ್ಟೆಯ ಮೇಲೆ ತೆಳುವಾದ ತಿಳಿ ಗೀರುಗಳು. ಎಲ್ಲವೂ ಒಂದೇ ಕಡೆ ಬೊಟ್ಟು ಮಾಡುತ್ತಿದ್ದವು. ಅದು ಬಿಳಿಬೆನ್ನಿನ ರಣಹದ್ದಿನ ಮರಿ.

ಜಾಗವೂ ಸ್ವಲ್ಪ ಸುಳಿವು ಕೊಡುತ್ತದೆ. ಬಿಳಿಬೆನ್ನಿನವು ಮರದ ಮೇಲೆ ಗೂಡು ಕಟ್ಟುತ್ತವೆ, ಉದ್ದಕೊಕ್ಕಿನವು ಹೆಚ್ಚಾಗಿ ಬಂಡೆಗಳ ಮೇಲೆ, ರಾಮನಗರದ ರಾಮದೇವರ ಬೆಟ್ಟದ ಹಾಗೆ. ಆದರೆ ಇದನ್ನು ಕೊನೆಗೆ ಸೇರಿಸಿಕೊಳ್ಳಬೇಕು. ಮೊದಲೇ ಜಾಗ ನೋಡಿ ಹೆಸರಿಟ್ಟರೆ ಆಮೇಲೆ ಕಣ್ಣು ಅದನ್ನೇ ಹುಡುಕುತ್ತದೆ. ಉದ್ದಕೊಕ್ಕಿನದರ ಹತ್ತಿರದ ಸಂಬಂಧಿ ಸಪೂರಕೊಕ್ಕಿನ ರಣಹದ್ದಿನ ವಿಷಯದಲ್ಲಿ ಮಾತ್ರ ಜಾಗ ದೊಡ್ಡ ಆಧಾರ. ತುಪ್ಪಳವಿಲ್ಲದ ಕಪ್ಪು ತಲೆ, ಸುಕ್ಕುಗಟ್ಟಿದ ತೆಳು ಕತ್ತು, ಎದ್ದು ಕಾಣುವ ಕಿವಿಯ ತೂತು ಅದರ ಗುರುತು. ಅದು ಹಿಮಾಲಯದ ತಪ್ಪಲು, ಅಸ್ಸಾಂ ಕಡೆಯ ಹಕ್ಕಿ. 2001ರವರೆಗೆ ಈ ಎರಡನ್ನೂ ಒಂದೇ ಜಾತಿ ಎಂದು ಎಣಿಸುತ್ತಿದ್ದರು.

ಕೆಂಪು ತಲೆಯ ರಣಹದ್ದು ಸುಲಭ ಎನ್ನುತ್ತಾರೆ. ಬೋಳು ಕೆಂಪು ತಲೆ, ಕತ್ತಿನ ಎರಡೂ ಬದಿ ಜೋಲುವ ಚರ್ಮದ ಮಡಿಕೆ. ಆದರೆ ಹೆಣದೊಳಗೆ ತಲೆ ತೂರಿಸಿ ಎದ್ದ ಯಾವ ರಣಹದ್ದಿನ ತಲೆಯಾದರೂ ರಕ್ತದಿಂದ ಕೆಂಪಾಗಿರಬಹುದು. ಆಗ ಬಣ್ಣ ಬಿಟ್ಟು ಆ ಮಡಿಕೆಯನ್ನು ಹುಡುಕಿ. ಸಂಜೆ ಬಿಸಿಲೂ ಹೀಗೆಯೇ ಕಾಡುತ್ತದೆ, ತಿಳಿ ಕಂದು ಗರಿಯನ್ನು ಗಾಢ ಕಂದು ಮಾಡಿಬಿಡುತ್ತದೆ.

ಇದಕ್ಕೇ ಒಂದು ಫೋಟೊ ಸಾಲದು. ತಲೆ ಪಕ್ಕಕ್ಕೆ ತಿರುಗಿದಾಗ ಒಂದು, ಏಣಿನ ಗೆರೆ ಅದರಲ್ಲಿ ಸಿಗುತ್ತದೆ. ಹಾರುವಾಗ ರೆಕ್ಕೆಯಡಿಯದು ಇನ್ನೊಂದು. ಕೊಕ್ಕು ಕಾಣದ, ಬರೀ ಕಂದು ಬೆನ್ನಿನ ಫೋಟೊ ಮಾತ್ರ ಇದ್ದರೆ ‘ಜಿಪ್ಸ್, ಜಾತಿ ಗೊತ್ತಾಗಿಲ್ಲ’ ಎಂದು ಬರೆಯಿರಿ.