ಲಾಗಿನ್ ಆಯಿತು, ಪಟ್ಟಿ ಬರಲಿಲ್ಲ: ಎಫ್‌ಟಿಪಿಯ ಎರಡನೇ ಕನೆಕ್ಷನ್ ಕಥೆ

ಯೂಸರ್‌ನೇಮ್ ಒಪ್ಪಿತು. ಪಾಸ್‌ವರ್ಡ್ ಒಪ್ಪಿತು. `pwd` ಎಂದು ಕೇಳಿದರೆ ಯಾವ ಫೋಲ್ಡರ್‌ನಲ್ಲಿದ್ದೇನೆ ಅಂತಲೂ ಸರ್ವರ್ ಹೇಳಿತು. ಆಮೇಲೆ `ls` ಹೊಡೆದೆ. ಕರ್ಸರ್ ಅಲ್ಲೇ ಮಿನುಗುತ್ತಾ ಕೂತಿತು. ಎರರ್ ಇಲ್ಲ, ಪಟ್ಟಿಯೂ ಇಲ್ಲ.

ಅವತ್ತು ನಾನು ಪಾಸ್‌ವರ್ಡ್ ಬದಲಿಸಿದೆ, ಫೋಲ್ಡರ್ ಪರ್ಮಿಶನ್ ನೋಡಿದೆ, ಕ್ಲೈಂಟ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಎಲ್ಲ ಸುಮ್ನೆ ದಂಡ. ಲಾಗಿನ್ ಆಗಿದೆ ಅಂದ ಮೇಲೆ ನೆಟ್‌ವರ್ಕ್ ಸರಿಯಾಗೇ ಇದೆ ಅಂದುಕೊಂಡಿದ್ದೆ. ಬೇರೆ ಹೆಚ್ಚಿನ ಸೇವೆಗಳಲ್ಲಿ ಆ ಲೆಕ್ಕ ನಡೆಯುತ್ತದೆ. ಫೈಲ್ ಸಾಗಿಸಲು ಬಳಸುವ ಎಫ್‌ಟಿಪಿಯಲ್ಲಿ ನಡೆಯುವುದಿಲ್ಲ. ಲಾಗಿನ್ ಆಗುವುದು ಒಂದು ಕನೆಕ್ಷನ್‌ನಲ್ಲಿ, ಪಟ್ಟಿ ಬರುವುದು ಇನ್ನೊಂದರಲ್ಲಿ.

ಎಫ್‌ಟಿಪಿಯ ಮೊದಲ ಕರಡನ್ನು ಅಭಯ್ ಭೂಷಣ್ 1971ರಲ್ಲಿ ಬರೆದರು. ಇಂಟರ್‌ನೆಟ್‌ನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿ ಅದು ಆರ್‌ಎಫ್‌ಸಿ 114. ನಾವು ಇವತ್ತಿಗೂ ಬಳಸುವ ರೂಪ ನಿಂತದ್ದು 1985ರಲ್ಲಿ, ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಬರೆದ ಆರ್‌ಎಫ್‌ಸಿ 959ರಲ್ಲಿ. ಅದರ ಪ್ರಕಾರ ಮಾತಿಗೆ ಒಂದು ಕನೆಕ್ಷನ್, ಸರಕಿಗೆ ಇನ್ನೊಂದು. ಯೂಸರ್‌ನೇಮ್, ಪಾಸ್‌ವರ್ಡ್, ಕಮಾಂಡ್‌ಗಳೆಲ್ಲ ಸರ್ವರ್‌ನ 21ನೇ ಪೋರ್ಟ್‌ಗೆ ಹೋಗುತ್ತವೆ. ಫೈಲ್‌ಗಳಿಗೂ ಫೋಲ್ಡರ್ ಪಟ್ಟಿಗೂ ಪ್ರತಿ ಸಲ ಹೊಸ ಕನೆಕ್ಷನ್ ತೆರೆಯಬೇಕು. ಸಾಮಾನ್ಯವಾಗಿ ಬಳಸುವ ವಿಧಾನದಲ್ಲಿ ಫೈಲ್ ಮುಗಿಯಿತು ಅಂತ ತಿಳಿಸುವುದು ಆ ಕನೆಕ್ಷನ್ ಮುಚ್ಚುವ ಮೂಲಕವೇ. ಹಾಗಾಗಿ ಹತ್ತು ಫೈಲ್ ಕಳಿಸಿದರೆ ಹತ್ತು ಸಲ ಹೊಸ ದಾರಿ.

ಆ ಹೊಸ ದಾರಿಯನ್ನು ಯಾರು ತೆರೆಯಬೇಕು? ಎಲ್ಲ ತಕರಾರೂ ಶುರುವಾಗುವುದು ಇಲ್ಲೇ. ಆಕ್ಟಿವ್ ಮೋಡ್‌ನಲ್ಲಿ ಸರ್ವರ್ ತೆರೆಯುತ್ತದೆ. ಕ್ಲೈಂಟ್ ತನ್ನ ಕಡೆ ಒಂದು ಪೋರ್ಟ್ ತೆರೆದಿಟ್ಟು, "ಇಲ್ಲಿಗೆ ಬಾ" ಅಂತ ವಿಳಾಸ ಕೊಡುತ್ತದೆ:

```
PORT 192,168,1,7,195,80
200 PORT command successful.
LIST
```

ಮೊದಲ ನಾಲ್ಕು ಸಂಖ್ಯೆ ಕ್ಲೈಂಟ್‌ನ ಐಪಿ ವಿಳಾಸ. ಕೊನೆಯ ಎರಡು ಸೇರಿ ಪೋರ್ಟ್: 195 ಅನ್ನು 256ರಿಂದ ಗುಣಿಸಿ 80 ಕೂಡಿಸಿದರೆ 50000. ಅಂದರೆ 192.168.1.7ರ 50000ನೇ ಪೋರ್ಟ್‌ಗೆ ಸರ್ವರ್ ಬರಬೇಕು. ಪ್ರತಿ ಕಂಪ್ಯೂಟರ್‌ಗೂ ತನ್ನದೇ ಸಾರ್ವಜನಿಕ ವಿಳಾಸ ಇದ್ದ ಕಾಲದಲ್ಲಿ ಇದರಲ್ಲಿ ತಪ್ಪೇನೂ ಇರಲಿಲ್ಲ. ಯಾರು ಯಾರಿಗೆ ಬೇಕಾದರೂ ಕರೆ ಮಾಡಬಹುದಿತ್ತು, ಅಲ್ವಾ?

1990ರ ದಶಕದಲ್ಲಿ ಆ ನೆಮ್ಮದಿ ಹೋಯಿತು. ಮೊದಲು ಫೈರ್‌ವಾಲ್‌ಗಳು ಬಂದವು. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ ಅನ್ನುವುದು ಅವುಗಳ ನಿಯಮ. ಬೆನ್ನಲ್ಲೇ ನ್ಯಾಟ್ ಬಂತು. ಅದರ ಆರ್‌ಎಫ್‌ಸಿ 1631 ಪ್ರಕಟವಾದದ್ದು 1994ರ ಮೇನಲ್ಲಿ. ಒಂದು ರೌಟರ್, ಒಂದು ಸಾರ್ವಜನಿಕ ವಿಳಾಸ, ಅದರ ಹಿಂದೆ ಎಷ್ಟೋ ಕಂಪ್ಯೂಟರ್. ಹೊರಗೆ ಹೋಗುವ ಪ್ಯಾಕೆಟ್‌ನ ಮೇಲಿನ ವಿಳಾಸವನ್ನು ರೌಟರ್ ಬದಲಿಸುತ್ತದೆ. ಆದರೆ ಮೇಲೆ ಕೊಟ್ಟಂಥ `PORT` ಸಾಲು ಪ್ಯಾಕೆಟ್‌ನ ಹೊಟ್ಟೆಯಲ್ಲಿರುವ ಬರಹ. ಲಕೋಟೆಯ ಮೇಲಿನ ವಿಳಾಸ ತಿದ್ದಿದರೂ ಒಳಗಿನ ಕಾಗದದಲ್ಲಿ ಹಳೆಯದೇ ಉಳಿಯಿತು.

ಸರ್ವರ್ ಆ ಕಾಗದ ಓದಿ 192.168.1.7 ಅನ್ನು ಹುಡುಕುತ್ತದೆ. ಅದು ಖಾಸಗಿ ವಿಳಾಸ. ಇಂಟರ್‌ನೆಟ್‌ನಲ್ಲಿ ಅಂಥ ಗಮ್ಯವೇ ಇಲ್ಲ. ಕೆಲವು ಸರ್ವರ್‌ಗಳು ಇದನ್ನು ಮೊದಲೇ ಗುರುತಿಸುತ್ತವೆ. ಲಾಗಿನ್ ಆದ ವಿಳಾಸ ಒಂದು, `PORT` ಹೇಳುವುದು ಇನ್ನೊಂದು ಅಂತ ಕಂಡರೆ `500 Illegal PORT command.` ಅನ್ನುತ್ತವೆ. ಹಾಗೆ ಬೈಸಿಕೊಂಡವರು ಪುಣ್ಯವಂತರು, ಕಾರಣ ತಕ್ಷಣ ಗೊತ್ತಾಗುತ್ತದೆ. ಉಳಿದವರ ಸರ್ವರ್ ಪ್ರಯತ್ನಿಸುತ್ತಲೇ ಇರುತ್ತದೆ. ಕೊನೆಗೆ ಬೇಸತ್ತು `425` ಅನ್ನುತ್ತದೆ, ಅಂದರೆ ಡೇಟಾ ಕನೆಕ್ಷನ್ ತೆರೆಯಲಾಗಲಿಲ್ಲ. ವಿಎಸ್‌ಎಫ್‌ಟಿಪಿಡಿ ಸರ್ವರ್ ಸಾಮಾನ್ಯವಾಗಿ 60 ಸೆಕೆಂಡ್ ಕಾಯುತ್ತದೆ. ನಾವು ಅಷ್ಟರೊಳಗೆ ವಿಂಡೋ ಮುಚ್ಚಿರುತ್ತೇವೆ.

ಹ್ಯಾಂಗ್ ಆಗುವುದೇ ಒಂದು ಸುಳಿವು. ಪೋರ್ಟ್‌ನಲ್ಲಿ ಯಾರೂ ಇಲ್ಲದಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ ತಕ್ಷಣ "ಆಗಲ್ಲ" ಅನ್ನುತ್ತದೆ. ತೆರೆಯ ಮೇಲೆ `Connection refused` ಕಾಣುತ್ತದೆ. ಉತ್ತರವೇ ಬರದೆ ಕಾಯಿಸಿದರೆ, ನಡುವೆ ಯಾರೋ ಪ್ಯಾಕೆಟ್ ಅನ್ನು ಸದ್ದಿಲ್ಲದೆ ಎಸೆಯುತ್ತಿದ್ದಾರೆ ಅಥವಾ ಅದು ತಪ್ಪು ವಿಳಾಸಕ್ಕೆ ಹೊರಟಿದೆ.

ಇದಕ್ಕೆ ಪರಿಹಾರ ಹುಡುಕಲು ಹೊಸದೇನೂ ಕಂಡುಹಿಡಿಯಬೇಕಾಗಲಿಲ್ಲ. ಆರ್‌ಎಫ್‌ಸಿ 959ರಲ್ಲೇ `PASV` ಎಂಬ ಕಮಾಂಡ್ ಇತ್ತು. ಅಲ್ಲಿ ಅದರ ಬಳಕೆ ವಿವರಿಸಿರುವುದು ಬೇರೆಯದೇ ಕೆಲಸಕ್ಕೆ: ನೀವು ಒಂದು ಕಡೆ ಕೂತು ಎರಡು ಸರ್ವರ್‌ಗಳ ನಡುವೆ ನೇರವಾಗಿ ಫೈಲ್ ಸಾಗಿಸುವುದು. ಎರಡೂ ಕರೆ ಮಾಡಲು ಹೊರಟರೆ ಎತ್ತುವವರು ಯಾರು? ಅದಕ್ಕೇ ಒಂದಕ್ಕೆ "ನೀನು ಸುಮ್ಮನೆ ಕಾಯಿ" ಅನ್ನುವ ಕಮಾಂಡ್. ಪ್ಯಾಸಿವ್ ಅನ್ನುವ ಹೆಸರು ಸರ್ವರ್‌ಗೆ ಸೇರಿದ್ದು, ನಮಗಲ್ಲ. 1994ರ ಫೆಬ್ರವರಿಯಲ್ಲಿ ಸ್ಟೀವ್ ಬೆಲೊವಿನ್ ಆರ್‌ಎಫ್‌ಸಿ 1579ರಲ್ಲಿ ಒಂದು ಸರಳ ಸಲಹೆ ಕೊಟ್ಟರು. ಕ್ಲೈಂಟ್‌ಗಳು `PORT` ಬದಲು `PASV` ಬಳಸಲಿ, ಆಗ ಎರಡೂ ಕನೆಕ್ಷನ್ ಒಳಗಿನಿಂದಲೇ ಹೊರಗೆ ಹೋಗುತ್ತವೆ, ಫೈರ್‌ವಾಲ್‌ಗೆ ತಕರಾರಿರುವುದಿಲ್ಲ.

ಆದರೂ ಎಷ್ಟೋ ರೌಟರ್‌ಗಳ ಹಿಂದೆ ಆಕ್ಟಿವ್ ಮೋಡ್ ನಡೆಯುತ್ತಿತ್ತು. ಹೇಗೆಂದರೆ, ರೌಟರ್‌ಗಳು ಕದ್ದು ಓದಲು ಕಲಿತವು. 21ನೇ ಪೋರ್ಟ್‌ನ ಮಾತುಕತೆಯಲ್ಲಿ `PORT` ಕಂಡರೆ ಒಳಗಿನ ಬರಹವನ್ನೂ ತಿದ್ದಿ, ಬರಲಿರುವ ಕನೆಕ್ಷನ್‌ಗೆ ಬಾಗಿಲು ತೆರೆದಿಡುವುದು. ಇದು ಕೇಳುವಷ್ಟು ಸುಲಭವಲ್ಲ. `192,168,1,7` ಅಂದರೆ 11 ಅಕ್ಷರ. ಅದನ್ನು `198,51,100,23` ಮಾಡಿದರೆ 13. ಎರಡು ಬೈಟ್ ಜಾಸ್ತಿಯಾಯಿತು. ಟಿಸಿಪಿ ಪ್ರತಿ ಬೈಟ್ ಎಣಿಸುತ್ತದೆ, ಹಾಗಾಗಿ ಆ ಕನೆಕ್ಷನ್ ಮುಗಿಯುವವರೆಗೂ ರೌಟರ್ ಎರಡೂ ದಿಕ್ಕಿನಲ್ಲಿ ಲೆಕ್ಕ ಸರಿಹೊಂದಿಸುತ್ತಾ ಇರಬೇಕು. ನನಗಂತೂ ಈ ಉಪಾಯದ ಬಗ್ಗೆ ಮೆಚ್ಚುಗೆಗಿಂತ ಅನುಮಾನವೇ ಜಾಸ್ತಿ. ಕೆಲಸ ಮಾಡುವಾಗ ಕಾಣುವುದಿಲ್ಲ, ಕೈಕೊಟ್ಟಾಗಲೂ ಕಾಣುವುದಿಲ್ಲ.

ಕೈಕೊಡುವುದು ಯಾವಾಗ? ಸರ್ವರ್ 21 ಬಿಟ್ಟು ಬೇರೆ ಪೋರ್ಟ್‌ನಲ್ಲಿದ್ದರೆ ರೌಟರ್‌ಗೆ ಅದು ಎಫ್‌ಟಿಪಿ ಅಂತಲೇ ಗೊತ್ತಾಗದಿರಬಹುದು. ಮಾತುಕತೆಯನ್ನು ಎನ್‌ಕ್ರಿಪ್ಟ್ ಮಾಡುವ ಟಿಎಲ್‌ಎಸ್ ಹಾಕಿದರೆ ಓದಲಿಕ್ಕೇ ಆಗುವುದಿಲ್ಲ. ಎಫ್‌ಟಿಪಿಗೆ ಟಿಎಲ್‌ಎಸ್ ಜೋಡಿಸುವ ಆರ್‌ಎಫ್‌ಸಿ 4217 ಬಂದದ್ದು 2005ರಲ್ಲಿ. "ನಿನ್ನೆವರೆಗೆ ಸರಿಯಿತ್ತು, ಎನ್‌ಕ್ರಿಪ್ಶನ್ ಹಾಕಿದ ಮೇಲೆ ಪಟ್ಟಿ ಬರುತ್ತಿಲ್ಲ" ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಸರ್ಟಿಫಿಕೇಟ್ ಸರಿಯಾಗಿಯೇ ಇರುತ್ತದೆ. ಇಷ್ಟು ದಿನ ಸಹಾಯ ಮಾಡುತ್ತಿದ್ದ ರೌಟರ್‌ಗೆ ಕಣ್ಣು ಕಟ್ಟಿದಂತಾಗಿರುತ್ತದೆ.

ಈಗ ನನ್ನ ಪ್ರಕರಣಕ್ಕೆ ಬರುತ್ತೇನೆ. ನಾನು ಪ್ಯಾಸಿವ್ ಮೋಡ್‌ನಲ್ಲೇ ಇದ್ದೆ. ಹಾಗಿದ್ದರೂ ಹ್ಯಾಂಗ್. ಕೊನೆಗೆ ಕ್ಲೈಂಟ್‌ನ ಲಾಗ್ ತೆರೆದು ನೋಡಿದೆ. ಅದನ್ನೇ ಮೊದಲು ಮಾಡಬೇಕಿತ್ತು. (ಇಲ್ಲಿ ವಿಳಾಸಗಳನ್ನು ಬದಲಿಸಿದ್ದೇನೆ.)

```
PASV
227 Entering Passive Mode (10,0,0,5,156,64)
```

156 ಗುಣಿಸು 256, ಕೂಡಿಸು 64: 40000. ಪೋರ್ಟ್ ಇರಲಿ, ವಿಳಾಸ ನೋಡಿ. ನಾನು ಲಾಗಿನ್ ಆದದ್ದು 203.0.113.25ಕ್ಕೆ. ಅದು ನನ್ನನ್ನು 10.0.0.5ಕ್ಕೆ ಬಾ ಅನ್ನುತ್ತಿದೆ. ಸರ್ವರ್ ಕೂಡ ಇನ್ನೊಂದು ನ್ಯಾಟ್‌ನ ಹಿಂದೆ ಕೂತಿತ್ತು, ತನ್ನ ಹೊರಗಿನ ವಿಳಾಸ ಅದಕ್ಕೇ ಗೊತ್ತಿರಲಿಲ್ಲ. ಪ್ಯಾಸಿವ್ ಮೋಡ್ ಸಮಸ್ಯೆಯನ್ನು ಅಳಿಸುವುದಿಲ್ಲ, ಕ್ಲೈಂಟ್ ಕಡೆಯಿಂದ ಸರ್ವರ್ ಕಡೆಗೆ ತಳ್ಳುತ್ತದೆ ಅಷ್ಟೇ. ಅದು ನ್ಯಾಯವೂ ಹೌದು. ಸರ್ವರ್ ನೋಡಿಕೊಳ್ಳುವವರು ಒಬ್ಬರಿರುತ್ತಾರೆ. ನೂರಾರು ಬಳಕೆದಾರರ ರೌಟರ್ ತಿದ್ದುವುದಕ್ಕಿಂತ ಇದು ಸುಲಭ.

ಅಲ್ಲಿದ್ದದ್ದು ವಿಎಸ್‌ಎಫ್‌ಟಿಪಿಡಿ. ಸೆಟ್ಟಿಂಗ್ ಫೈಲ್‌ಗೆ ಮೂರು ಸಾಲು ಸೇರಿಸಿ ಸರ್ವರ್ ಅನ್ನು ಮತ್ತೆ ಶುರು ಮಾಡಿದೆವು:

```
pasv_address=203.0.113.25
pasv_min_port=40000
pasv_max_port=40100
```

ಈಗ `227` ಸಾಲಿನಲ್ಲಿ ಸರಿಯಾದ ವಿಳಾಸ ಬಂತು. ಪಟ್ಟಿ ಆಗಲೂ ಬರಲಿಲ್ಲ! ಸರ್ವರ್‌ನಲ್ಲಿ ಹೀಗೆ ಕಾವಲು ಕೂತೆವು:

```
tcpdump -n tcp portrange 40000-40100
```

ನಾನು ಈ ಕಡೆ `ls` ಹೊಡೆದರೆ ಆ ಕಡೆ ಒಂದು ಪ್ಯಾಕೆಟ್ ಕೂಡ ಕಾಣಲಿಲ್ಲ. ಅಂದರೆ ಸರ್ವರ್‌ಗಿಂತ ಮುಂಚೆಯೇ ಯಾರೋ ತಡೆಯುತ್ತಿದ್ದಾರೆ. ಮುಂದಿದ್ದ ಫೈರ್‌ವಾಲ್‌ನಲ್ಲಿ 21 ಮಾತ್ರ ತೆರೆದಿತ್ತು. 40000ದಿಂದ 40100ರವರೆಗೆ ತೆರೆದು ಅದೇ ಸರ್ವರ್‌ಗೆ ತಿರುಗಿಸಿದ ಕೂಡಲೇ ಪಟ್ಟಿ ಬಂದು ಬಿತ್ತು. ಈ ವ್ಯಾಪ್ತಿಯನ್ನು ತೀರಾ ಚಿಕ್ಕದು ಮಾಡಬೇಡಿ. ಒಂದೇ ಹೊತ್ತಿಗೆ ನಡೆಯುವ ಪ್ರತಿ ವರ್ಗಾವಣೆಗೂ ಒಂದು ಪೋರ್ಟ್ ಬೇಕು, ಮೂರು ನಾಲ್ಕು ಪೋರ್ಟ್ ಕೊಟ್ಟರೆ ಜನ ಸೇರಿದಾಗ ಮತ್ತೆ ಸಿಕ್ಕಿಬೀಳುತ್ತದೆ.

1998ರಲ್ಲಿ ಬಂದ `EPSV` ಕಮಾಂಡ್ ವಿಳಾಸದ ರಗಳೆಯನ್ನೇ ಬಿಟ್ಟಿತು. ಉತ್ತರದಲ್ಲಿ ಪೋರ್ಟ್ ಮಾತ್ರ ಇರುತ್ತದೆ: `229 Entering Extended Passive Mode (|||40000|)`. ವಿಳಾಸ ಈಗಾಗಲೇ ಲಾಗಿನ್ ಆಗಿರುವುದೇ. ಕರ್ಲ್ ಎಂಬ ಕ್ಲೈಂಟ್ ಕೂಡ 7.74.0 ಆವೃತ್ತಿಯಿಂದ `227`ರಲ್ಲಿರುವ ವಿಳಾಸವನ್ನು ತಾನಾಗಿಯೇ ಕಡೆಗಣಿಸುತ್ತದೆ. ಅದಕ್ಕೇ ಒಂದೇ ಸರ್ವರ್ ಒಬ್ಬರಿಗೆ ಸಲೀಸು, ಇನ್ನೊಬ್ಬರಿಗೆ ಹ್ಯಾಂಗ್ ಆಗಬಹುದು. ವಿಂಡೋಸ್‌ನ ಕಮಾಂಡ್ ಲೈನ್ `ftp` ಬಳಸುವವರಿಗೆ ಒಂದು ಮಾತು: ಅದಕ್ಕೆ ಪ್ಯಾಸಿವ್ ಮೋಡ್ ಬರುವುದೇ ಇಲ್ಲ. `quote PASV` ಅಂತ ಟೈಪ್ ಮಾಡಿದರೆ ಸರ್ವರ್ ಕಾಯಲು ಕೂರುತ್ತದೆ, ಆದರೆ ಮುಂದಿನ `dir`ಗೆ ಈ ಪ್ರೋಗ್ರಾಂ ಮತ್ತೆ `PORT` ಅನ್ನೇ ಕಳಿಸುತ್ತದೆ.

ಇನ್ನೊಂದು ಹ್ಯಾಂಗ್ ಇದೆ, ಅದನ್ನು ಇದರ ಜೊತೆ ಕಲಸಬಾರದು. ಪಟ್ಟಿ ಬರುತ್ತದೆ, ಚಿಕ್ಕ ಫೈಲ್‌ಗಳು ಹೋಗುತ್ತವೆ, ಆದರೆ ಎರಡು ಗಂಟೆ ಹಿಡಿಯುವ ದೊಡ್ಡ ಫೈಲ್ 100% ತಲುಪಿ ನಿಂತುಬಿಡುತ್ತದೆ. ಮೋಡ್ ಬದಲಿಸಿ ಪ್ರಯೋಜನವಿಲ್ಲ. ಡೇಟಾ ಹೋಗುತ್ತಿದ್ದ ಅಷ್ಟು ಹೊತ್ತೂ 21ರ ಕನೆಕ್ಷನ್ ಮೌನವಾಗಿತ್ತು. ರೌಟರ್ ಅದನ್ನು ಸತ್ತಿದೆ ಅಂದುಕೊಂಡು ತನ್ನ ಪಟ್ಟಿಯಿಂದ ತೆಗೆದುಹಾಕಿತು. `226 Transfer complete.` ಅನ್ನುವ ಉತ್ತರ ವಾಪಸ್ ಬರಲು ದಾರಿಯಿಲ್ಲ. ಕ್ಲೈಂಟ್‌ನಲ್ಲಿ ಸುಮ್ಮನಿರುವ ಕನೆಕ್ಷನ್ ಅನ್ನು ಜೀವಂತವಾಗಿಡುವ ಕೀಪ್‌ಅಲೈವ್ ಸೆಟ್ಟಿಂಗ್ ಇದ್ದರೆ ಹಾಕಿ. ಮತ್ತೆ ಎರಡು ಗಂಟೆ ಅಪ್‌ಲೋಡ್ ಶುರು ಮಾಡುವ ಮುಂಚೆ ಸರ್ವರ್‌ನಲ್ಲಿ ಫೈಲ್‌ನ ಅಳತೆ ನೋಡಿ. ಬಹಳ ಸಲ ಅದು ಪೂರ್ತಿ ಅಲ್ಲೇ ಇರುತ್ತದೆ.