ಪತ್ರಿಕೆಯ ಮೂಲೆಯಿಂದ ಬಂದ ಲೆಡ್ಜರ್

ಲೆಡ್ಜರ್ ಪುಟ ತುಂಬಿದಾಗ ಕೊನೆಯಲ್ಲಿ ಮೊತ್ತ ಹಾಕಿ ಸಿ/ಎಫ್ ಅಂತ ಬರೆಯುತ್ತೀರಿ, ಅದೇ ಮೊತ್ತ ಮುಂದಿನ ಪುಟದ ತಲೆಯಲ್ಲಿ ಬಿ/ಎಫ್ ಆಗಿ ಕೂರುತ್ತದೆ. ಬ್ಲಾಕ್‌ಚೈನ್ ಶುರುವಾಗೋದು ಇಲ್ಲಿಂದಲೇ. ಪುಟಕ್ಕೆ ಅಲ್ಲಿ ಬ್ಲಾಕ್ ಅಂತಾರೆ, ಅಷ್ಟೇ.

ಆದರೆ ಸಿ/ಎಫ್‌ನಲ್ಲಿ ಒಂದು ತೂತಿದೆ. ಯಾರೋ ರಮೇಶನ 5,000 ಅನ್ನು 500 ಮಾಡಿ, ಅದೇ ಪುಟದ ಸುರೇಶನ 500 ಅನ್ನು 5,000 ಮಾಡಿದರೆ ಮೊತ್ತ ಬದಲಾಗೋದೇ ಇಲ್ಲ. ಟ್ರಯಲ್ ಬ್ಯಾಲೆನ್ಸ್ ಕೂಡ ತಾಳೆಯಾಗಿಬಿಡುತ್ತದೆ.

ಹಾಗಾಗಿ ಮೊತ್ತದ ಬದಲು ಹ್ಯಾಶ್. ಇಡೀ ಪುಟವನ್ನು, ಹೆಸರು, ತಾರೀಖು, ಕಾಮಾ ಸಮೇತ, SHA-256 ಅನ್ನೋ ಲೆಕ್ಕಕ್ಕೆ ಕೊಟ್ಟರೆ 64 ಅಕ್ಷರಗಳ ಒಂದು ಗುರುತು ಬರುತ್ತದೆ. `hello` ಕೊಟ್ಟರೆ ಅದು `2cf24d` ಅಂತ ಶುರುವಾಗುತ್ತದೆ, `Hello` ಕೊಟ್ಟರೆ `185f8d` ಅಂತ. ಒಂದು ಅಕ್ಷರ ದೊಡ್ಡದಾಗಿದ್ದಕ್ಕೆ ಪೂರಾ ಬೇರೆ! ಈ ಹ್ಯಾಶೇ ಮುಂದಿನ ಪುಟದ ಬಿ/ಎಫ್. 12ನೇ ಪುಟ ತಿದ್ದಿದರೆ 13ರ ಬಿ/ಎಫ್ ತಾಳೆಯಾಗಲ್ಲ. 13 ಸರಿಮಾಡಿದರೆ ಅದರ ಹ್ಯಾಶೂ ಬದಲಾಗಿ 14 ಕೆಡುತ್ತದೆ.

ಕೊನೆತನಕ ಎಲ್ಲವನ್ನೂ ತಿದ್ದಿಬಿಟ್ಟರೆ? ಕಂಪ್ಯೂಟರಿಗೆ ಅದೇನು ಕಷ್ಟ, ಅಲ್ವಾ? 1991ರಲ್ಲಿ ಅಮೆರಿಕದ ಬೆಲ್‌ಕೋರ್ ಸಂಶೋಧನಾ ಸಂಸ್ಥೆಯ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ, ಡಿಜಿಟಲ್ ದಾಖಲೆಯ ತಾರೀಖನ್ನು ಯಾರೂ ಹಿಂದೆಮುಂದೆ ಮಾಡದಂತೆ ತಡೆಯೋದು ಹೇಗೆ ಅಂತ ಯೋಚಿಸಿ ಈ ಸರಪಳಿಯ ದಾರಿ ಬರೆದರು. 1995ರಿಂದ ಅವರ ಕಂಪನಿ ಶ್ಯೂರಿಟಿ, ವಾರಕ್ಕೊಮ್ಮೆ ನ್ಯೂಯಾರ್ಕ್ ಟೈಮ್ಸ್‌ನ ಕ್ಲಾಸಿಫೈಡ್ ಮೂಲೆಯಲ್ಲಿ ಒಂದು ಹ್ಯಾಶ್ ಅಚ್ಚು ಹಾಕಿಸತೊಡಗಿತು. ಸಾವಿರಾರು ಮನೆಗಳಿಗೆ ಹೋದ ಪೇಪರನ್ನು ಯಾರು ಹುಡುಕಿಕೊಂಡು ಹೋಗಿ ತಿದ್ದುತ್ತಾರೆ?

ಬಿಟ್‌ಕಾಯಿನ್ ಈ ಪೇಪರಿನ ಜಾಗಕ್ಕೆ ಕಂಪ್ಯೂಟರ್‌ಗಳನ್ನು ತಂದಿತು. ಸತೋಷಿ ನಕಮೊಟೊ ಅನ್ನೋ ಹೆಸರಿನಲ್ಲಿ ಬಂದ, ಬಿಟ್‌ಕಾಯಿನ್ ಪರಿಚಯಿಸಿದ 2008ರ ಪ್ರಬಂಧ ಹೇಬರ್, ಸ್ಟಾರ್ನೆಟ್ಟಾ ಅವರನ್ನೇ ಉಲ್ಲೇಖಿಸುತ್ತದೆ. ಇಲ್ಲಿ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಪೂರ್ತಿ ಲೆಡ್ಜರಿನ ಪ್ರತಿ ಇರುತ್ತದೆ. ಹೊಸ ಪುಟ ಸೇರಿಸಬೇಕಾದರೆ ಅದರಲ್ಲಿ ಒಂದು ಸಂಖ್ಯೆಯನ್ನು ಬದಲಾಯಿಸುತ್ತಾ, ಹ್ಯಾಶ್‌ನ ಮೊದಲಿಗೆ ಬೇಕಾದಷ್ಟು ಸೊನ್ನೆ ಬರೋವರೆಗೂ ಪ್ರಯತ್ನಿಸಬೇಕು. ಎಲ್ಲ ಯಂತ್ರಗಳೂ ಒಟ್ಟಿಗೆ ಹುಡುಕಿದರೂ ಸರಾಸರಿ 10 ನಿಮಿಷ ಹಿಡಿಯುತ್ತದೆ. ಹಳೇ ಪುಟ ತಿದ್ದುವವನು ಅಲ್ಲಿಂದ ಮುಂದಿನ ಎಲ್ಲ ಪುಟಗಳಿಗೂ ಈ ಪಾಡು ಪಟ್ಟು, ಅಷ್ಟರಲ್ಲಿ ಮುಂದೆ ಹೋದ ಉಳಿದವರನ್ನೂ ಹಿಂದೆ ಹಾಕಬೇಕು.

ಬಿಟ್‌ಕಾಯಿನ್‌ನ ಮೊದಲ ಬ್ಲಾಕಿನ ತಾರೀಖು 2009ರ ಜನವರಿ 3. ನಾಲ್ಕೇ ದಿನಕ್ಕೆ, ಜನವರಿ 7ರಂದು, ಐಟಿ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು, ಪುಸ್ತಕದಲ್ಲಿರುವ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡರು. ಬ್ಲಾಕ್‌ಚೈನ್ ಇದ್ದಿದ್ದರೆ ಸಿಕ್ಕಿಬೀಳುತ್ತಿತ್ತಾ? ಇಲ್ಲ. ಅದು ಆಮೇಲೆ ತಿದ್ದಿದ ಎಂಟ್ರಿಯನ್ನು ಹಿಡಿಯುತ್ತದೆ. ಬರೆಯುವಾಗಲೇ ಸುಳ್ಳಾಗಿದ್ದರೆ ಆ ಸುಳ್ಳನ್ನೇ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಬಿಟ್‌ಕಾಯಿನ್ ಇರೋದೇ ಲೆಡ್ಜರಿನೊಳಗೆ, ಹಾಗಾಗಿ ಇಲ್ಲದ ನಾಣ್ಯ ಖರ್ಚು ಮಾಡಲು ಹೋದರೆ ಗೊತ್ತಾಗುತ್ತದೆ. ಬ್ಯಾಂಕಿನ ಹಣ, ಗೋದಾಮಿನ ಸರಕು ಲೆಡ್ಜರಿನ ಹೊರಗಿವೆ. ಬ್ಯಾಂಕಿನಿಂದ ಕನ್ಫರ್ಮೇಶನ್ ಪತ್ರವನ್ನು ನೇರವಾಗಿ ತರಿಸಿಕೊಳ್ಳೋ ಕೆಲಸ ಆಡಿಟರ್‌ಗೇ ಉಳಿಯುತ್ತದೆ.