ಹನ್ನೆರಡರಲ್ಲಿ ಎಂಟು ಮಂದಿಗೆ ಐದು ಅಂಕ

ಹಾಸನ ಜಿಲ್ಲೆಯ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ನೌಕರರ ವಾರ್ಷಿಕ ಮೌಲ್ಯಮಾಪನವನ್ನು ನೋಡಿಕೊಳ್ಳುತ್ತಿದ್ದಾಗ, ಬೀಜ ಆರಿಸುವ ವಿಭಾಗದ ಹೆಣ್ಣುಮಗಳೊಬ್ಬಳು ತನ್ನ ಅಂಕದ ಚೀಟಿಯನ್ನು ಹಿಡಿದು ನನ್ನ ಮೇಜಿನ ಬಳಿ ಬಂದಳು. ಚೀಟಿಯಲ್ಲಿ ಐದಕ್ಕೆ ಮೂರು ಎಂದಿತ್ತು. ‘ನಾನು ಪಕ್ಕದ ಗುಂಪಿನ ಸಾರ್ ಕೈಕೆಳಗೆ ಇದ್ದಿದ್ರೆ ನಂಗೂ ಐದು ಬರ್ತಿತ್ತಲ್ವಾ ಸಾರ್?’ ಎಂದಷ್ಟೇ ಕೇಳಿದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ವಿಭಾಗದ ಅಂಕಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದುಕೊಂಡು ನೋಡಿದಾಗ, ಅವಳ ಮಾತು ಅಕ್ಷರಶಃ ನಿಜವೆಂದು ಕಂಡಿತು. ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಹೊಂದಿಸಿ ಆ ಲೆಕ್ಕವನ್ನೇ ಇಲ್ಲಿ ಮುಂದಿಡುತ್ತೇನೆ.

ವಿಭಾಗದಲ್ಲಿ 36 ಕಾಯಂ ನೌಕರರಿದ್ದರು. ಮೂವರು ಮೇಲ್ವಿಚಾರಕರ ಕೆಳಗೆ ತಲಾ 12 ಮಂದಿ. ಮೊದಲನೆಯ ಮೇಲ್ವಿಚಾರಕರು ಎಂಟು ಮಂದಿಗೆ ಐದು, ಉಳಿದ ನಾಲ್ವರಿಗೆ ನಾಲ್ಕು ಅಂಕ ಕೊಟ್ಟಿದ್ದರು. ಅವರ ಗುಂಪಿನ ಸರಾಸರಿ 4.67. ಎರಡನೆಯವರು ಒಬ್ಬರಿಗೆ ಮಾತ್ರ ಐದು ಕೊಟ್ಟು, ನಾಲ್ವರಿಗೆ ನಾಲ್ಕು, ಐವರಿಗೆ ಮೂರು, ಇಬ್ಬರಿಗೆ ಎರಡು ಬರೆದಿದ್ದರು, ಸರಾಸರಿ 3.33. ಮೂರನೆಯವರದು 3.5. ಐದು ಅಂಕಕ್ಕೆ 15,000 ರೂಪಾಯಿ, ನಾಲ್ಕಕ್ಕೆ 9,000, ಮೂರಕ್ಕೆ 5,000 ಬೋನಸ್ ಎಂದೂ ಎರಡಕ್ಕೆ ಏನೂ ಇಲ್ಲವೆಂದೂ ಆಡಳಿತ ನಿಗದಿ ಮಾಡಿತ್ತು. ಆ ಪ್ರಕಾರ ವಿಭಾಗಕ್ಕೆ ಹೋದ 3,17,000 ರೂಪಾಯಿಯಲ್ಲಿ 1,56,000 ಮೊದಲನೆಯ ಗುಂಪಿಗೇ ಸಂದಿತು. ಮೂರರಲ್ಲಿ ಒಂದು ಪಾಲು ಜನರಿಗೆ ಹೆಚ್ಚುಕಡಿಮೆ ಅರ್ಧ ಹಣ.

ಇಷ್ಟರಿಂದಲೇ ಆ ಮೇಲ್ವಿಚಾರಕರು ಧಾರಾಳವಾಗಿ ಅಂಕ ಸುರಿದಿದ್ದಾರೆ ಎಂದು ತೀರ್ಮಾನಿಸುವುದು ತಪ್ಪು, ಏಕೆಂದರೆ ಅವರ ಗುಂಪು ನಿಜಕ್ಕೂ ಒಳ್ಳೆಯ ಕೆಲಸಗಾರರದ್ದಾಗಿರಲೂಬಹುದು. ಅಂಕ ಕೊಟ್ಟವರ ಕೈಗೆ ಸಿಗದ ಬೇರೊಂದು ಅಳತೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಇದು ತಿಳಿಯುತ್ತದೆ. ನಮ್ಮಲ್ಲಿ ಅಂಥದ್ದೊಂದು ಇತ್ತು. ಆರಿಸಿದ ಪ್ರತಿ ಲಾಟಿನಿಂದ ಲ್ಯಾಬಿನವರು ಮಾದರಿ ತೆಗೆದು, ಕಪ್ಪು ಬೀಜ ಮತ್ತು ಒಡಕಲು ಬೀಜ ಮಿತಿ ಮೀರಿದ್ದರೆ ಆ ಲಾಟನ್ನು ಮತ್ತೆ ಆರಿಸಲು ಹಿಂದಕ್ಕೆ ಕಳುಹಿಸಿ ದಾಖಲೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಲಾಟುಗಳನ್ನು ಮೂರು ಗುಂಪುಗಳಿಗೂ ಸರದಿಯಂತೆ ಹಂಚುತ್ತಿದ್ದುದರಿಂದ ಹೋಲಿಕೆಗೆ ಅಡ್ಡಿಯಿರಲಿಲ್ಲ. ಒಂದು ಗುಂಪಿಗೆ ಅರೇಬಿಕಾ, ಇನ್ನೊಂದಕ್ಕೆ ರೊಬಸ್ಟಾ ಮಾತ್ರ ಹೋಗುತ್ತಿದ್ದರೆ ಈ ಹೋಲಿಕೆಯನ್ನು ನಾನು ಮಾಡುತ್ತಲೇ ಇರಲಿಲ್ಲ. ನೂರು ಲಾಟಿಗೆ ಮೊದಲನೆಯ ಗುಂಪಿನಲ್ಲಿ 14, ಎರಡನೆಯದರಲ್ಲಿ 11, ಮೂರನೆಯದರಲ್ಲಿ 12 ವಾಪಸಾಗಿದ್ದವು. ಹೆಚ್ಚು ಅಂಕ ಪಡೆದ ಗುಂಪಿನ ಕೆಲಸ ಉಳಿದವರಿಗಿಂತ ಉತ್ತಮವಾಗಿರಲಿಲ್ಲ. ನನ್ನ ಬಳಿ ಬಂದಿದ್ದ ಹೆಣ್ಣುಮಗಳ ಹೆಸರಿನಲ್ಲಿ ಇಡೀ ಹಂಗಾಮಿಗೆ ಎರಡೇ ಲಾಟು ವಾಪಸಾಗಿದ್ದವು. ಮೊದಲನೆಯ ಗುಂಪಿನಲ್ಲಿ ಐದು ಅಂಕ ಪಡೆದ ಒಬ್ಬರ ಹೆಸರಿನಲ್ಲಿ ಆರು.

ಆ ಮೇಲ್ವಿಚಾರಕರನ್ನು ಅಪ್ರಾಮಾಣಿಕರೆಂದು ನಾನು ಎಂದೂ ಭಾವಿಸಲಿಲ್ಲ. ಮೌಲ್ಯಮಾಪನದ ಫಾರಂ ಅವರ ಕೈಸೇರುವುದು ಹಣಕಾಸು ವರ್ಷ ಮುಗಿಯುವ ಮಾರ್ಚ್‌ನಲ್ಲಿ, ಅಂದರೆ ತೋಟಗಳ ಕೊಯ್ಲಿನ ಕಾಫಿ ಕಾರ್ಖಾನೆಗೆ ಬಂದು ತುಂಬಿ, ಒಬ್ಬರು ರಜೆ ಹಾಕಿದರೂ ಸಾಲು ನಿಂತುಹೋಗುವ ದಿನಗಳಲ್ಲಿ. ಇಂದು ಕೈಯಾರೆ ಎರಡು ಅಂಕದ ಚೀಟಿ ಕೊಟ್ಟವರನ್ನು ನಾಳೆ ಓವರ್‌ಟೈಮಿಗೆ ನಿಲ್ಲಿ ಎಂದು ಕೇಳಬೇಕಾದವರೂ ಅವರೇ. ಅದರ ಮೇಲೆ ಅಂಕವೆಂದರೆ ನೇರವಾಗಿ ರೂಪಾಯಿ ಎಂದಾಗ, ಐದರ ಬದಲು ನಾಲ್ಕು ಬರೆಯುವುದು ಒಂದು ಮನೆಯ ಆರು ಸಾವಿರ ರೂಪಾಯಿ ಕಿತ್ತುಕೊಂಡಂತೆ ಅವರಿಗೆ ಅನ್ನಿಸುತ್ತದೆ. ಅದೇ ಹಣ ಪಕ್ಕದ ಗುಂಪಿನವರ ಕೈತಪ್ಪಿದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ಆಡಳಿತ ಮೊದಲು ಕೇಳಿದ್ದು, ಇದನ್ನು ಲೆಕ್ಕದಿಂದಲೇ ಸರಿಪಡಿಸಬಹುದಲ್ಲವೇ ಎಂದು. ಪ್ರತಿ ಗುಂಪಿನ ಸರಾಸರಿಯನ್ನು ವಿಭಾಗದ ಸರಾಸರಿಯಾದ 3.83ಕ್ಕೆ ತಂದು, ಮೊದಲನೆಯ ಗುಂಪಿನವರಿಂದ 0.84 ಕಳೆದು, ಎರಡನೆಯ ಗುಂಪಿನವರಿಗೆ 0.5 ಸೇರಿಸುವ ವಿಧಾನವಿದು. ಧಾರಾಳತನ ಎಲ್ಲರಿಗೂ ಸಮನಾಗಿ ಅಂಕ ಹೆಚ್ಚಿಸಿದ್ದಷ್ಟೇ ಆಗಿದ್ದರೆ ಈ ಲೆಕ್ಕ ಸಾಕಾಗುತ್ತಿತ್ತು. ಆದರೆ ಐದರ ಮೇಲೆ ಅಂಕವಿಲ್ಲ. ಮೂರೂವರೆಗೆ ಅರ್ಹರಾದವರನ್ನೂ ಐದಕ್ಕೆ ಅರ್ಹರಾದವರನ್ನೂ ಒಂದೇ ಮೆಟ್ಟಿಲಿಗೆ ತಂದು ನಿಲ್ಲಿಸಿದ ಮೇಲೆ, ಎಂಟು ಮಂದಿಗೂ 0.84 ಕಳೆದರೆ ಎಂಟು ಮಂದಿಯೂ 4.16ಕ್ಕೆ ಇಳಿಯುತ್ತಾರೆಯೇ ಹೊರತು ಅವರಲ್ಲಿ ಯಾರು ಮೇಲು ಎಂಬುದು ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಧಾರಾಳ ಅಂಕದ ದೊಡ್ಡ ಹಾನಿ ಇದೇ: ಹೋದ ಹಣವನ್ನು ಮುಂದಿನ ವರ್ಷ ಸರಿದೂಗಿಸಬಹುದು, ದಾಖಲಾಗದೆ ಹೋದ ವ್ಯತ್ಯಾಸವನ್ನು ಯಾವ ಸೂತ್ರವೂ ಮರಳಿ ತರಲಾರದು. ಆ ಎಂಟರಲ್ಲಿ ನಿಜವಾಗಿ ಅತ್ಯುತ್ತಮವಾಗಿ ದುಡಿದವರೂ ಇಲ್ಲಿ ಸೋತವರೇ. ಗುಂಪು 12 ಮಂದಿಯಷ್ಟು ಚಿಕ್ಕದಾಗಿದ್ದಾಗ ಸರಾಸರಿಯನ್ನು ಬಲವಂತವಾಗಿ ಸಮ ಮಾಡಿದರೆ ನಿಜಕ್ಕೂ ಒಳ್ಳೆಯ ಗುಂಪಿಗೆ ಅನ್ಯಾಯವಾಗುವ ಅಪಾಯವೂ ಇದೆ.

ನಾವು ಚರ್ಚಿಸುತ್ತಿರುವಾಗಲೇ ಮರುವರ್ಷದ ಅಂಕಗಳು ಬಂದವು. ಎರಡನೆಯ ಗುಂಪಿನ ಸರಾಸರಿ 4.08, ಮೂರನೆಯದರದ್ದು 4.25, ಮೊದಲನೆಯದು 4.75, ಇಡೀ ವಿಭಾಗ 3.83ರಿಂದ 4.36ಕ್ಕೆ ಏರಿತ್ತು. ವಾಪಸಾದ ಲಾಟುಗಳ ಸಂಖ್ಯೆ ಇಳಿದಿರಲಿಲ್ಲ. ಎರಡನೆಯ ಮೇಲ್ವಿಚಾರಕಿ ಮುಚ್ಚುಮರೆಯಿಲ್ಲದೆ ಹೇಳಿದರು: ‘ಹೋದ ವರ್ಷ ನಾನು ಇದ್ದದ್ದು ಇದ್ದ ಹಾಗೆ ಬರೆದೆ ಸಾರ್, ನಷ್ಟ ಆಗಿದ್ದು ನಮ್ಮ ಹುಡುಗೀರಿಗೆ.’ ಒಬ್ಬರ ಔದಾರ್ಯ ಇಡೀ ವಿಭಾಗದ ಉಬ್ಬರವಾಗುವುದು ಹೀಗೆ. ಅಂಕ ಉಬ್ಬಿದಂತೆ ಪದಗಳ ಅರ್ಥವೂ ಜಾರುತ್ತದೆ. ಕೇಂದ್ರ ಸರ್ಕಾರದ ಎಂಜಿನಿಯರ್ ಒಬ್ಬರ ಗೋಪ್ಯ ವರದಿಯಲ್ಲಿದ್ದ ‘ಉತ್ತಮ’ ಎಂಬ ಒಂದೇ ವರ್ಷದ ನಮೂದು, ಬಡ್ತಿಗೆ ‘ಬಹಳ ಉತ್ತಮ’ ಬೇಕಿದ್ದ ಕಾರಣಕ್ಕೆ ಅವರಿಗೆ ಮುಳುವಾದ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ, ಇಂಥ ನಮೂದನ್ನೂ ನೌಕರನಿಗೆ ತಿಳಿಸಲೇಬೇಕೆಂದು ಹೇಳಿತು. ನಮ್ಮ ವಿಭಾಗದಲ್ಲೂ ಫಾರಂನಲ್ಲಿ ‘ನಿರೀಕ್ಷೆಯಂತೆ ಕೆಲಸ’ ಎಂದಿದ್ದ ಮೂರು ಅಂಕ, ಎರಡೇ ವರ್ಷದಲ್ಲಿ ಬೈಗುಳದಂತಾಗಿತ್ತು.

ಶೇಕಡಾ ಇಷ್ಟು ಮಂದಿಗೆ ಮಾತ್ರ ಐದು ಎಂದು ಕಡ್ಡಾಯ ಮಾಡುವ ಸಲಹೆಯನ್ನು ನಾನು ಒಪ್ಪಲಿಲ್ಲ. 12 ಮಂದಿಯಲ್ಲಿ ಶೇ. 10 ಎಂದರೆ ಒಬ್ಬರು ಮತ್ತು ಚಿಲ್ಲರೆ, ಆ ಚಿಲ್ಲರೆಗಾಗಿ ಜಗಳ. ಬದಲಿಗೆ ಮೂರನೆಯ ವರ್ಷ, ಅಂಕಗಳು ನೌಕರರಿಗೆ ತಿಳಿಯುವ ಮೊದಲೇ ಮೂವರು ಮೇಲ್ವಿಚಾರಕರನ್ನೂ ಒಂದೇ ಮೇಜಿಗೆ ಕೂರಿಸಿದೆವು. ಪ್ರತಿ ಗುಂಪಿನಿಂದ ಇಬ್ಬರ ದಾಖಲೆಯನ್ನು ಹೆಸರು ಮುಚ್ಚಿ ಮುಂದಿಟ್ಟು, ಮೂವರೂ ಪ್ರತ್ಯೇಕವಾಗಿ ಅಂಕ ಬರೆಯಬೇಕು ಎಂದೆವು. ಒಂದೇ ದಾಖಲೆಗೆ ಮೊದಲನೆಯವರು ಐದು, ಎರಡನೆಯವರು ಮೂರು ಬರೆದದ್ದು ಹೊರಬಿದ್ದಾಗ ಕೋಣೆ ಸ್ವಲ್ಪ ಹೊತ್ತು ಮೌನವಾಯಿತು. ಯಾರದ್ದು ಸರಿ ಎಂಬ ವಾದಕ್ಕೆ ಹೋಗದೆ, ಮೂರು ಎಂದರೆ ನಮ್ಮ ಕೆಲಸದಲ್ಲಿ ಏನು, ಐದು ಎಂದರೆ ಏನು ಎಂಬುದನ್ನು ವಾಪಸಾದ ಲಾಟು, ಯಂತ್ರದ ಜೋಡಣೆ, ಹೊಸಬರಿಗೆ ಕಲಿಸಿದ ಕೆಲಸ ಇವುಗಳ ಮಾತಿನಲ್ಲೇ ಬರೆಸಿದೆವು. ಐದು ಕೊಡುವುದಾದರೆ ದಿನಾಂಕ ಸಹಿತ ಎರಡು ಘಟನೆ ಬರೆಯಬೇಕೆಂದು ಮಾಡಿದೆವು. ಆ ಘಟನೆಗಳು ಮಾರ್ಚ್‌ನಲ್ಲಿ ನೆನಪಾಗುವುದಿಲ್ಲವಾದ್ದರಿಂದ, ಪ್ರತಿ ಶನಿವಾರ ಹತ್ತು ನಿಮಿಷ ಅದಕ್ಕೆಂದೇ ಮೀಸಲಾಯಿತು.

ಆ ವರ್ಷ ಮೊದಲನೆಯ ಗುಂಪಿನ ಸರಾಸರಿ 3.92ಕ್ಕೆ ಇಳಿದು, ಐದು ಪಡೆದವರು ಮೂವರಾದರು. ಉಳಿದಿಬ್ಬರ ಸರಾಸರಿಗಿಂತ ಅದು ಇನ್ನೂ ಮೇಲೆಯೇ ಇತ್ತು, ಮತ್ತು ಆ ಮೇಲ್ವಿಚಾರಕರು ಯಾರಿಗೂ ಎರಡು ಅಂಕ ಕೊಟ್ಟಿರಲಿಲ್ಲ. ಆದರೆ ಐದರಿಂದ ಮೂರಕ್ಕೆ ಇಳಿದ ನೌಕರರೊಬ್ಬರು ಚೀಟಿಗೆ ಸಹಿ ಹಾಕಲು ಒಪ್ಪದಿದ್ದಾಗ, ಮೇಲ್ವಿಚಾರಕರು ನನ್ನನ್ನು ಕರೆಯಲಿಲ್ಲ. ಲಾಟಿನ ಪುಸ್ತಕವನ್ನು ತಾವೇ ತೆಗೆದು, ವಾಪಸಾದ ಐದು ಲಾಟುಗಳ ದಿನಾಂಕವನ್ನು ಒಂದೊಂದಾಗಿ ತೋರಿಸುತ್ತಾ ಅರ್ಧ ಗಂಟೆ ಕೂತು ಮಾತನಾಡಿದರು.